ಬರಬೇಡಿ ಎಂದರೆ ಬರಬೇಡಿ ಎಂದಲ್ಲ

ಕನ್ನಡದಲ್ಲಿ ಎಸ್ಸೆಮ್ಮೆಸ್ ಬರೆದರೆ ಉದ್ದವಾಗುತ್ತದೆ, ಮರ್ಯಾದೆಯಿಂದ ಬರೆದರೆ ಇನ್ನೂ ಉದ್ದವಾಗುತ್ತದೆ, ಹಾಗಾಗಿ ಒಂದೋ ಮರ್ಯಾದೆ ಬಿಡಬೇಕು ಇಲ್ಲವೇ ಕನ್ನಡ ಬಿಡಬೇಕು. ಇದು ನಾನು ವರ್ಷಗಳಿಂದ ಕೇಳುತ್ತಿರುವ ಮಾತು. ಹೇಳುವವರು ಕನ್ನಡದ ವೈರಿಗಳಲ್ಲ. ಕಂಪ್ಯೂಟರಿನ ಮುಂದೆ ಕೂತು ಸಾವಿರಾರು ಜನಕ್ಕೆ ಸಂದೇಶ ಕಳಿಸುವ ಗುಮಾಸ್ತರು, ಕಾರ್ಯದರ್ಶಿಗಳು, ನನ್ನದೇ ಹಳೆಯ ವಿದ್ಯಾರ್ಥಿಗಳು. ಅವರೊಂದಿಗೆ ನನಗಿರುವ ಜಗಳ ಇಷ್ಟೇ: ಈ ಮಾತಿನ ಮೊದಲರ್ಧ ನಿಜ, ಉಳಿದರ್ಧ ಸೋಮಾರಿತನ.

ಚನ್ನಗಿರಿಯಲ್ಲಿ ನಾನು ಕನ್ನಡ ಮೇಷ್ಟ್ರಾಗಿದ್ದಾಗ ಅಲ್ಲಿನ ಒಂದು ಸಹಕಾರ ಸಂಘದವರು ಆಗಾಗ ಬಂದು, ‘ಸರ್, ಈ ಮೆಸೇಜ್ ಸ್ವಲ್ಪ ನೋಡಿಕೊಡಿ’ ಎನ್ನುತ್ತಿದ್ದರು. ಸದಸ್ಯರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯವರು. ಕೆಲವರು ದೂರದ ಜಗಳೂರಿನವರು. ಒಂದು ದಿನ ಸಂಘಕ್ಕೆ ಹೋದಾಗ ಜಗಳೂರು ಕಡೆಯ ಒಬ್ಬ ಅಜ್ಜ ಬೆಂಚಿನ ಮೇಲೆ ಕೂತಿದ್ದರು. ದಾವಣಗೆರೆಯಲ್ಲಿ ಬಸ್ ಬದಲಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಝೆರಾಕ್ಸ್ ಹಿಡಿದುಕೊಂಡು ಬಂದಿದ್ದರು. ಅವರ ಝೆರಾಕ್ಸ್ ಸಂಘದ ಫೈಲಿನಲ್ಲಿ ಆಗಲೇ ಇತ್ತು.

‘ಅಜ್ಜಾ, ಬರೋದು ಬೇಡ ಅಂತಲೇ ಅಲ್ವಾ ನಾವು ಮೆಸೇಜ್ ಹಾಕಿದ್ದು?’ ಎಂದ ಗುಮಾಸ್ತ.

‘ಎಲ್ಲೈತಪ್ಪ ಅದು? ಮತ್ತೊಮ್ಮೆ ಕಚೇರಿಗೆ ಅಂತ ಬಂದೈತಿ ನೋಡು. ಅದಕ್ಕೇ ಬಂದೆ’ ಎಂದು ಅಜ್ಜ ತಮ್ಮ ಕೀಪ್ಯಾಡ್ ಫೋನನ್ನು ಚಾಚಿದರು.

ಫೋನಿನಲ್ಲಿ ಇದ್ದದ್ದು ಇಷ್ಟು:

```
ಮಾನ್ಯ ಸದಸ್ಯರೇ, ಈಗಾಗಲೇ ಆಧಾರ್ ಪ್ರತಿ ಸಲ್ಲಿಸಿರುವ ತಾವು ಮತ್ತೊಮ್ಮೆ ಕಚೇರಿಗೆ
```

ಸಂಘ ಕಳಿಸಿದ್ದ ಪೂರ್ತಿ ವಾಕ್ಯ ಇದು: ‘ಮಾನ್ಯ ಸದಸ್ಯರೇ, ಈಗಾಗಲೇ ಆಧಾರ್ ಪ್ರತಿ ಸಲ್ಲಿಸಿರುವ ತಾವು ಮತ್ತೊಮ್ಮೆ ಕಚೇರಿಗೆ ಬರುವ ಅಗತ್ಯವಿರುವುದಿಲ್ಲ ಎಂದು ತಿಳಿಸಲು ಹರ್ಷಿಸುತ್ತೇವೆ.’ ಸಂದೇಶ ಎರಡು ತುಂಡಾಗಿ ಹೊರಟಿತ್ತು. ಮೊದಲನೆಯದು ಮುಟ್ಟಿತ್ತು, ಎರಡನೆಯದು ದಾರಿಯಲ್ಲೆಲ್ಲೋ ಉಳಿದಿತ್ತು. ಹರ್ಷ ಸಂಘದ ಬಳಿಯೇ ಉಳಿಯಿತು, ಬಸ್ ಚಾರ್ಜು ಅಜ್ಜನದಾಯಿತು.

ತುಂಡಾದದ್ದು ಏಕೆ ಎಂದು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಒಂದು ಎಸ್ಸೆಮ್ಮೆಸ್‌ನಲ್ಲಿ ಹಿಡಿಸುವುದು 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷ್ ಅಕ್ಷರ ಒಂದಕ್ಕೆ 7 ಬಿಟ್ ಸಾಕು. ಹಾಗಾಗಿ 160 ಅಕ್ಷರ. 1985ರಲ್ಲಿ ಜರ್ಮನಿಯ ಎಂಜಿನಿಯರ್ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ತೋಚಿದ ವಾಕ್ಯಗಳನ್ನು ಟೈಪ್ ಮಾಡಿ, ಎಣಿಸಿ, ಸಾಮಾನ್ಯ ಮಾತಿಗೆ 160 ಸಾಕು ಎಂದು ತೀರ್ಮಾನಿಸಿದ ಕಥೆ ಪ್ರಸಿದ್ಧವಾಗಿದೆ. ಆ ಎಣಿಕೆಯಲ್ಲಿ ನಮ್ಮ ಭಾಷೆ ಇರಲಿಲ್ಲ. ಕನ್ನಡದ ಒಂದೊಂದು ಗುರುತಿಗೆ 16 ಬಿಟ್ ಹೋಗುತ್ತದೆ. ಹಾಗಾಗಿ ನಮಗೆ ಸಿಗುವುದು 70 ಮನೆ. ಎಪ್ಪತ್ತು ದಾಟಿ ಒಂದು ಹೆಚ್ಚಾದರೂ ಸಂದೇಶ ತುಂಡಾಗುತ್ತದೆ. ಈ ತುಂಡು ಯಾವ ಸಂದೇಶದ್ದು, ಎಷ್ಟನೆಯದು ಎಂಬ ಚೀಟಿಯನ್ನು ಪ್ರತಿ ತುಂಡಿಗೂ ಅಂಟಿಸಬೇಕಾದ್ದರಿಂದ ಆಗ ತುಂಡಿಗೆ ಉಳಿಯುವುದು 67. ಇಂಗ್ಲಿಷಿನಲ್ಲಿ ಹೀಗೇ 160 ಇದ್ದದ್ದು 153 ಆಗುತ್ತದೆ. ಹಣ ತುಂಡಿನ ಲೆಕ್ಕದಲ್ಲಿ ಹೋಗುತ್ತದೆ. ಹೊಸ ಫೋನುಗಳು ತುಂಡುಗಳೆಲ್ಲ ಬರುವವರೆಗೆ ಕಾದು ಜೋಡಿಸಿ ತೋರಿಸುತ್ತವೆ. ಅಜ್ಜನ ಕೈಲಿದ್ದಂಥ ಹಳೆಯ ಫೋನು ಬಂದದ್ದನ್ನು ಬಂದ ಹಾಗೆ ತೋರಿಸಿಬಿಡುತ್ತದೆ.

ಇನ್ನೊಂದು ವಿಷಯ. ನಮ್ಮ ಕಣ್ಣು ಎಣಿಸುವುದೂ ಯಂತ್ರ ಎಣಿಸುವುದೂ ಒಂದೇ ಅಲ್ಲ. ‘ಶ್ರಮ’ ನಮಗೆ ಎರಡಕ್ಷರ. ಯಂತ್ರಕ್ಕೆ ಶ, ಅರ್ಧಾಕ್ಷರದ ಗುರುತು, ರ, ಮ ಎಂದು ನಾಲ್ಕು ಮನೆ. ‘ಮತ್ತೊಮ್ಮೆ’ ನಮಗೆ ಮೂರಕ್ಷರ, ಯಂತ್ರಕ್ಕೆ ಒಂಬತ್ತು. ಕೊಂಬು, ಇಳಿ, ಏತ್ವ, ಒತ್ತು ಎಲ್ಲಕ್ಕೂ ಬಾಡಿಗೆ ಇದೆ. ಈ ಲೆಕ್ಕದಲ್ಲಿ ಸಂಘದ ವಾಕ್ಯ 117 ಮನೆ. ಅರವತ್ತೇಳನೆಯ ಮನೆ ‘ಕಚೇರಿಗೆ’ ಎಂಬ ಪದದ ಕೊನೆಗೆ ಸರಿಯಾಗಿ ಬೀಳುತ್ತದೆ. ಬೇಕಿದ್ದರೆ ಎಣಿಸಿ ನೋಡಿ.

ಇಲ್ಲಿಯವರೆಗೆ ಗುಮಾಸ್ತರ ಮಾತು ನಿಜವೇ. ಇಂಗ್ಲಿಷಿಗೆ 160, ನಮಗೆ 70 ಎಂಬುದು ಅನ್ಯಾಯ. ಇದು ತಪ್ಪಿಸಲಾಗದ ಅನ್ಯಾಯವೂ ಆಗಿರಲಿಲ್ಲ. ಮೊಬೈಲ್ ಜಾಲಗಳ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಕನ್ನಡಕ್ಕೆಂದೇ 7 ಬಿಟ್‌ನ ಅಕ್ಷರಪಟ್ಟಿ ಹತ್ತು ವರ್ಷಕ್ಕೂ ಹಿಂದೆಯೇ ಸೇರಿದೆ. ಅದನ್ನು ಬಳಸಿದರೆ ಒಂದು ಸಂದೇಶದಲ್ಲಿ 155 ಮನೆ ಸಿಗುತ್ತದೆ. ಸಂಘದ 117 ಮನೆಯ ವಾಕ್ಯ ಅದರಲ್ಲಿ ಆರಾಮವಾಗಿ ಕೂರುತ್ತಿತ್ತು, ಅಜ್ಜ ಮನೆಯಲ್ಲೇ ಇರುತ್ತಿದ್ದರು. ಆದರೆ ಪಟ್ಟಿ ಕಾಗದದಲ್ಲಿದ್ದರೆ ಸಾಲದು. ಕಳಿಸುವ ವ್ಯವಸ್ಥೆ, ನಡುವಿನ ಜಾಲ, ತಲುಪುವ ಫೋನು ಮೂರೂ ಅದನ್ನು ಅರಿತಿರಬೇಕು. ನಾನು ಕಂಡ ಯಾವ ಕಳಿಸುವ ಪರದೆಯಲ್ಲೂ ಆ ಆಯ್ಕೆ ಇರಲಿಲ್ಲ. ಈ ಬಗ್ಗೆ ಗಲಾಟೆ ಮಾಡಬೇಕಾದವರು ನಾವು, ಮಾಡಿಲ್ಲ. ಅದು ಸಿಗುವವರೆಗೆ ಮಾತ್ರ ಎಪ್ಪತ್ತರಲ್ಲೇ ಬದುಕಬೇಕು.

ನನ್ನ ನಿಜವಾದ ತಕರಾರು ಶುರುವಾಗುವುದು ಇಲ್ಲಿಂದ. ಎಪ್ಪತ್ತು ಕಡಿಮೆ ಎಂದು ಗೊತ್ತಾದ ಕೂಡಲೇ ನಮ್ಮವರು ಮೊದಲು ಮಾರುವುದು ಮರ್ಯಾದೆಯನ್ನು. ಮರ್ಯಾದೆಯೇ ಜಾಗ ತಿನ್ನುತ್ತದೆ ಎಂಬ ನಂಬಿಕೆ. ಎಣಿಸಿ ನೋಡೋಣ. ‘ಕಟ್ಟು’ ಐದು ಮನೆ, ‘ಕಟ್ಟಿ’ ಐದು ಮನೆ. ‘ಕೊಡು’ ನಾಲ್ಕು, ‘ಕೊಡಿ’ ನಾಲ್ಕು. ‘ನಿನ್ನ’ ಐದು, ‘ನಿಮ್ಮ’ ಐದು. ಏಕವಚನದಿಂದ ಬಹುವಚನಕ್ಕೆ ಏರಲು ಇಲ್ಲೆಲ್ಲ ಒಂದು ಮನೆಯೂ ಹೆಚ್ಚು ಬೇಡ. ಕೊಂಬು ತೆಗೆದು ಗುಡಿಸು ಹಾಕಿದರೆ ಆಯಿತು, ಆಜ್ಞೆ ವಿನಂತಿಯಾಗುತ್ತದೆ. ‘ಬಾ’ ಮತ್ತು ‘ಬನ್ನಿ’ಯಂಥ ಕೆಲವು ಕಡೆ ಮೂರು ಮನೆ ಹೆಚ್ಚಾಗಬಹುದು, ಅಷ್ಟೇ. ನಮ್ಮ ಭಾಷೆ ಗೌರವವನ್ನು ಇಟ್ಟಿರುವುದು ಕ್ರಿಯಾಪದದ ಬಾಲದಲ್ಲಿ. ಇಂಗ್ಲಿಷಿಗೆ ಈ ಸೌಕರ್ಯವಿಲ್ಲ. ಅದು ಗೌರವಕ್ಕೆ ಬೇರೆ ಪದಗಳನ್ನೇ ತಂದು ಸೇರಿಸಬೇಕು.

ಹಾಗಾದರೆ ಜಾಗ ತಿಂದದ್ದು ಯಾವುದು? ಸಂಘದ ವಾಕ್ಯದಲ್ಲಿ ‘ಎಂದು ತಿಳಿಸಲು ಹರ್ಷಿಸುತ್ತೇವೆ’ ಎಂಬ ಬಾಲವೊಂದೇ 26 ಮನೆ. ಅದು ಕನ್ನಡದ ಸೌಜನ್ಯವಲ್ಲ, ಇಂಗ್ಲಿಷ್ ಕಚೇರಿ ಪತ್ರದ ಅನುವಾದ. ಚನ್ನಗಿರಿಯ ಸಂತೆಯಲ್ಲಿ ಯಾರೂ ಯಾರಿಗೂ ಏನನ್ನೂ ತಿಳಿಸಲು ಹರ್ಷಿಸುವುದಿಲ್ಲ. ‘ಪಾವತಿಸತಕ್ಕದ್ದು’ ಹದಿನಾಲ್ಕು ಮನೆ. ಉದ್ದವೂ ಹೌದು, ಒರಟೂ ಹೌದು. ‘ಕಟ್ಟಿ’ ಐದೇ ಮನೆ, ಮೃದುವೂ ಹೌದು. ಸೌಜನ್ಯ ಎಂದು ನಾವು ಹೊತ್ತುಕೊಂಡಿರುವುದರಲ್ಲಿ ಬಹುಪಾಲು ಕಚೇರಿಯ ಠೇಂಕಾರ. ಅದನ್ನು ಇಳಿಸಿದರೆ ಯಾರ ಮಾನವೂ ಹೋಗುವುದಿಲ್ಲ.

ಆದರೆ ಬರೀ ಕತ್ತರಿ ಆಡಿಸಿದರೂ ಸಾಲದು. ಅಜ್ಜ ಬಂದುಹೋದ ಮೇಲೆ ಗುಮಾಸ್ತ ‘ಮಾನ್ಯ’ ತೆಗೆದ, ಹರ್ಷ ತೆಗೆದ, ‘ಅಗತ್ಯವಿರುವುದಿಲ್ಲ’ವನ್ನು ‘ಅಗತ್ಯವಿಲ್ಲ’ ಮಾಡಿದ. ಆದರೂ 78 ಮನೆ. ಈಗ ಮೊದಲ ತುಂಡು ‘ಮತ್ತೊಮ್ಮೆ ಕಚೇರಿಗೆ ಬರುವ’ ಎಂಬಲ್ಲಿಗೆ ಮುಗಿಯುತ್ತದೆ, ‘ಅಗತ್ಯವಿಲ್ಲ’ ಎರಡನೆಯ ತುಂಡಿಗೆ ಹೋಗುತ್ತದೆ. ಮೊದಲಿಗಿಂತ ಕೆಟ್ಟಿತು. ಕಾರಣ ವಾಕ್ಯದ ಉದ್ದ ಮಾತ್ರವಲ್ಲ, ಅದರ ಕಟ್ಟು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಕ್ರಿಯಾಪದದ ಜೊತೆ ಗೌರವ ಬರುತ್ತದೆ. ಅದರ ಜೊತೆಗೇ ‘ಇಲ್ಲ’, ‘ಬೇಡ’ ಬರುತ್ತವೆ. ಹೌದೋ ಅಲ್ಲವೋ ಎಂಬುದನ್ನು ನಾವು ಉಸಿರಿನ ಕೊನೆಯಲ್ಲಿ ಹೇಳುವವರು. ಎದುರಿಗೆ ಕೂತು ಮಾತಾಡುವಾಗ ಇದು ಚೆಂದ, ಕೇಳುವವನು ಕೊನೆಯವರೆಗೆ ಕಾಯುತ್ತಾನೆ. ಬಾಲ ಕತ್ತರಿಸುವ ಯಂತ್ರದ ಮುಂದೆ ಮಾತ್ರ ಅತಿ ಮುಖ್ಯವಾದದ್ದನ್ನೇ ಕತ್ತಿಯ ಕೆಳಗೆ ಇಟ್ಟಂತೆ.

ಎರಡನೆಯ ಪ್ರಯತ್ನದಲ್ಲಿ ಗುಮಾಸ್ತನಿಗೆ ಸಿಟ್ಟು ಬಂತು. ‘ನಿಮ್ಮ ಆಧಾರ್ ಇದೆ. ಕಚೇರಿಗೆ ಬರಬೇಡಿ’ ಎಂದು ಬರೆದು, ‘31 ಮನೆ ಸರ್, ಬಹುವಚನವೂ ಇದೆ’ ಎಂದ. ಇನ್ನೊಂದು ಪಟ್ಟಿಗೆ ಅದನ್ನೇ ಕಳಿಸಿಯೂಬಿಟ್ಟ. ಮಧ್ಯಾಹ್ನ ನ್ಯಾಮತಿಯಿಂದ ಫೋನು: ‘ಯಾಕ್ರೀ, ನಾವು ಬರಬಾರದೇನು? ಷೇರು ನಮ್ದೂ ಐತಲ್ಲ?’ ವ್ಯಾಕರಣದಲ್ಲಿ ತಪ್ಪಿಲ್ಲ, ಬಹುವಚನವೂ ಸರಿ. ಆದರೆ ನಮ್ಮಲ್ಲಿ ಮನೆಗೆ ಬಂದವರನ್ನು ‘ಹೋಗಿ’ ಎನ್ನದೆ ‘ಹೋಗಿಬನ್ನಿ’ ಎಂದು ಕಳಿಸುತ್ತೇವೆ. ಇಂಥ ನಾಡಿನಲ್ಲಿ ‘ಬರಬೇಡಿ’ ಎಂಬುದು ಬಾಗಿಲು ಹಾಕುವ ಮಾತು. ‘ನಿಮಗೆ ಬರುವ ತೊಂದರೆ ಬೇಡ’ ಎನ್ನುವುದು ಬೇರೆ, ‘ನೀವು ಬರಬೇಡಿ’ ಎನ್ನುವುದು ಬೇರೆ. ಬೇಡವಾಗಬೇಕಾದದ್ದು ತೊಂದರೆ, ಮನುಷ್ಯನಲ್ಲ. ಈ ವ್ಯತ್ಯಾಸವನ್ನು ಯಾವ ಎಣಿಕೆಯೂ ಹೇಳಿಕೊಡುವುದಿಲ್ಲ. ಅದಕ್ಕೆ ಕಿವಿ ಬೇಕು.

ಇಬ್ಬರೂ ಕೂತು ಹೊಸದಾಗಿ ಕಟ್ಟಿದೆವು. ಒಂದು ಉದ್ದ ವಾಕ್ಯದ ಬದಲು ಎರಡು ಚಿಕ್ಕವು. ಕಾರಣ ಮೊದಲು, ಆಮೇಲೆ ಅದರ ಫಲ. ‘ಸಲ್ಲಿಸಿರುವ ತಾವು’ ಎನ್ನುವ ಬದಲು ‘ತಲುಪಿದೆ’ ಎಂದೆವು. ಸದಸ್ಯನಿಗೆ ಬೇಕಾದ ಸುದ್ದಿ ಅದೇ ತಾನೆ? ‘ನಿಮ್ಮ’ ಬದಲು ‘ತಮ್ಮ’ ಎಂದರೆ ಒಂದು ಮನೆ ಉಳಿಯುತ್ತದೆ, ಗೌರವವೂ ಹೆಚ್ಚು ಎಂದು ಗುಮಾಸ್ತ ಉತ್ಸಾಹಪಟ್ಟ. ಆದರೆ ‘ತಮ್ಮ ಆಧಾರ್’ ಎಂದು ಬಂದರೆ ತಮ್ಮನದೋ ನನ್ನದೋ ಎಂದು ಯಾರಾದರೂ ತಮ್ಮನ ಝೆರಾಕ್ಸ್ ಹುಡುಕಿಯಾರು! ಒಂದು ಮನೆಗಾಗಿ ಸ್ಪಷ್ಟತೆ ಕೊಡುವುದು ಬೇಡವೆಂದೆ. ಕೊನೆಗೆ ಹೀಗಾಯಿತು:

```
ಸದಸ್ಯರೇ, ನಿಮ್ಮ ಆಧಾರ್ ಪ್ರತಿ ತಲುಪಿದೆ. ಮತ್ತೆ ತರುವ ಶ್ರಮ ಬೇಡ. -ಕಾರ್ಯದರ್ಶಿ
```

68 ಮನೆ. ಎರಡು ಉಳಿದವು. ಕರೆದದ್ದುಂಟು, ಕಾರಣವುಂಟು, ಶ್ರಮದ ಬಗ್ಗೆ ಕಾಳಜಿಯುಂಟು, ಹೇಳಿದವರಾರು ಎಂಬ ಸಹಿಯುಂಟು. ಸಹಿಗೆ ಹನ್ನೊಂದು ಮನೆ ಏಕೆ ಎಂದು ಗುಮಾಸ್ತ ಕೇಳಿದ. ಸಂದೇಶದ ತಲೆಯ ಮೇಲೆ ಬರುವ ಆರು ಇಂಗ್ಲಿಷ್ ಅಕ್ಷರಗಳ ಹೆಸರನ್ನು ಅಜ್ಜ ಓದಲಾರರು. ಯಾರೆಂದು ಹೇಳದೆ ಮಾತಾಡುವುದೂ ಒಂದು ಅಗೌರವವೇ.

ಇನ್ನು ಕನ್ನಡ ಬಿಟ್ಟು ಇಂಗ್ಲಿಷಿಗೆ ಹೋದರೆ ಎಲ್ಲ ಸುಗಮ ಎನ್ನುವವರಿಗೆ ಹೊನ್ನಾಳಿಯ ಹುಡುಗನ ಕಥೆ. ಅವನು ಇಂಗ್ಲಿಷ್ ಸಂದೇಶ ಕೇಳಿದ್ದ ಸದಸ್ಯ. ಅವನಿಗೆ ಹೋದದ್ದು ಇದು:

```
Dear Member, it is hereby kindly informed that
since you have already submitted your Aadhaar copy,
you are kindly requested not to visit the office
again for the same.
```

ಒಂದೇ ಸಾಲಾಗಿ ಎಣಿಸಿದರೆ 167 ಅಕ್ಷರ, ಏಳು ಹೆಚ್ಚು. 153ಕ್ಕೆ ತುಂಡಾದಾಗ ಎರಡನೆಯ ಭಾಗಕ್ಕೆ ಹೋದದ್ದು ಕೊನೆಯ ಮೂರು ಪದ ಮಾತ್ರ. ಇಂಗ್ಲಿಷಿನಲ್ಲಿ ನಿಷೇಧ ಮೊದಲೇ ಬರುವುದರಿಂದ ಅದು ಉಳಿಯಿತು. ಆದರೆ ಏತಕ್ಕಾಗಿ ಎಂಬುದು ಕಳಚಿಕೊಂಡು, ‘ಇನ್ನು ಮುಂದೆ ಕಚೇರಿಗೆ ಬರಕೂಡದೆಂದು ಕೋರಲಾಗಿದೆ’ ಎಂಬ ಅರ್ಥ ನಿಂತಿತು. ‘ನನ್ನನ್ನ ಸಂಘದಿಂದ ತೆಗೆದುಹಾಕಿದಿರಾ ಸರ್?’ ಎಂದು ಹುಡುಗ ಕೇಳಿದ. ಅರ್ಧ ಗಂಟೆಯ ಮೇಲೆ ಉಳಿದ ಮೂರು ಪದ ಬಂದರೂ, ಅವು ಯಾವುದಕ್ಕೆ ಸೇರಿದವೆಂದು ಅವನಿಗೆ ತಿಳಿಯಲಿಲ್ಲ. ಎರಡು ಸಲ ‘ದಯವಿಟ್ಟು’ ಎಂದಿದ್ದರೂ ಮರ್ಯಾದೆ ಉಳಿಯಲಿಲ್ಲ. ಕಾಯಿಲೆ ಭಾಷೆಯದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅದನ್ನೂ ಅದೇ ಕ್ರಮದಲ್ಲಿ ಕಟ್ಟಿದೆವು:

```
Dear member, we have your Aadhaar copy.
You need not bring it again. Thank you. - Secretary
```

ಒಂದೇ ಸಾಲಿನಲ್ಲಿ 91 ಅಕ್ಷರ. ಇಂಗ್ಲಿಷಿನ ಗೌರವ ಪದದಲ್ಲಿದೆಯಾದ್ದರಿಂದ ಅಲ್ಲಿ ಕರೆಯುವ ಮಾತನ್ನೂ ಕೃತಜ್ಞತೆಯನ್ನೂ ಉಳಿಸಿದೆವು. ಕನ್ನಡದ ‘ಶ್ರಮ ಬೇಡ’ದ ಕೆಲಸವನ್ನು ಅಲ್ಲಿ ಅವು ಮಾಡುತ್ತವೆ. ಒಂದನ್ನು ಇನ್ನೊಂದಕ್ಕೆ ಅನುವಾದಿಸಲಿಲ್ಲ. ಒಂದೇ ವಿಷಯವನ್ನು ಎರಡು ಭಾಷೆಗಳಲ್ಲಿ ಎರಡು ಸಲ ಯೋಚಿಸಿದೆವು.

ಎರಡನ್ನೂ ಒಂದೇ ಸಂದೇಶದಲ್ಲಿ ಹಾಕಿ ಎಲ್ಲರಿಗೂ ಕಳಿಸುವ ಆಸೆ ಮೂಡಬಹುದು. ಬೇಡ. ಸಂದೇಶದಲ್ಲಿ ಒಂದೇ ಒಂದು ಕನ್ನಡ ಅಕ್ಷರವಿದ್ದರೂ ಇಡೀ ಸಂದೇಶ 16 ಬಿಟ್‌ನ ಲೆಕ್ಕಕ್ಕೆ ಬೀಳುತ್ತದೆ, ಇಂಗ್ಲಿಷ್ ಅಕ್ಷರಗಳಿಗೂ ಅದೇ ಬಾಡಿಗೆ. ನಮ್ಮ ಎರಡು ಸಂದೇಶಗಳನ್ನು ಅಂಟಿಸಿದರೆ ಮೂರು ತುಂಡು. ಬಿಡಿಯಾಗಿ ಕಳಿಸಿದರೆ ಒಬ್ಬರಿಗೆ ಒಂದೇ. ಸದಸ್ಯರಾಗುವಾಗಲೇ ಯಾವ ಭಾಷೆ ಬೇಕೆಂದು ಕೇಳಿಡುವುದು ಜಾಣತನ. ಕನ್ನಡವೇ ಇಲ್ಲದ ಸಂದೇಶದಲ್ಲೂ ಇಂಥ ಕಳ್ಳ ಹೊಕ್ಕಬಹುದು. ರೂಪಾಯಿಯ ಚಿಹ್ನೆ ₹ ಆ 7 ಬಿಟ್‌ನ ಪಟ್ಟಿಯಲ್ಲಿಲ್ಲ, ವರ್ಡ್‌ನಿಂದ ನಕಲಿಸಿದಾಗ ಬರುವ ಬಾಗಿದ ಉದ್ಧರಣ ಚಿಹ್ನೆಯೂ ಇಲ್ಲ. ಅವುಗಳಲ್ಲಿ ಒಂದು ಸೇರಿದರೆ 160 ಇದ್ದದ್ದು 70 ಆಗಿಬಿಡುತ್ತದೆ. ಇಂಗ್ಲಿಷ್ ಸಂದೇಶ ಕಾರಣವಿಲ್ಲದೆ ಎರಡು ತುಂಡಾದರೆ ಮೊದಲು ಹುಡುಕಬೇಕಾದದ್ದು ಇವನ್ನು.

ಮೂರನೆಯ ದಾರಿಯೊಂದನ್ನು ಜಾಣರು ತೋರಿಸುತ್ತಾರೆ: ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಬಿಡಿ, 160 ಸಿಗುತ್ತದೆ. ಸರಿ, `Nimma bele mahiti kodi` ಎಂದು ರೈತನಿಗೆ ಕಳಿಸಿ. ಕೊಡಬೇಕಾದದ್ದು ಬೆಳೆಯ ಮಾಹಿತಿಯೋ, ಬೆಲೆಯ ಮಾಹಿತಿಯೋ? ಅಡಿಕೆ ಬೆಳೆಯುವವನಿಗೂ ಮೆಕ್ಕೆಜೋಳ ಬೆಳೆಯುವವನಿಗೂ ಎರಡೂ ಜೀವದ ಪ್ರಶ್ನೆ. ಗೆಳೆಯರ ನಡುವೆ ಈ ಬರಹ ನಡೆಯುತ್ತದೆ, ಸಂದರ್ಭ ಇಬ್ಬರಿಗೂ ಗೊತ್ತಿರುತ್ತದೆ. ಸಂಘ ಸದಸ್ಯನಿಗೆ ಬರೆಯುವಾಗ ಸಂದರ್ಭವನ್ನೂ ಸಂದೇಶವೇ ಹೊರಬೇಕು. ಜೊತೆಗೆ, ಕನ್ನಡ ಮಾತ್ರ ಓದಬಲ್ಲ ಅಜ್ಜನಿಗೆ ಅವನ ಭಾಷೆಯನ್ನೇ ಓದಲಾಗದ ಲಿಪಿಯಲ್ಲಿ ಕಳಿಸುವುದರಲ್ಲಿ ಯಾವ ಗೌರವ ಉಳಿದಿದೆ?

ಕೊನೆಗೆ ಎಲ್ಲರೂ ಹೊರಿಸುವುದು ‘ಸಿಸ್ಟಮ್’ ಮೇಲೆ. ‘ಟೆಂಪ್ಲೇಟ್ ಹಾಗಿದೆ ಸರ್, ನಾವೇನು ಮಾಡೋಣ?’ ಟ್ರಾಯ್‌ನ 2018ರ ನಿಯಮಾವಳಿ ಬಂದ ಮೇಲೆ ಸಂಸ್ಥೆಗಳು ಕಳಿಸುವ ಸಂದೇಶದ ಮಾದರಿಯನ್ನು ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆಯಬೇಕು. ಕಳಿಸುವ ಸಂದೇಶ ಆ ಮಾದರಿಗೆ ಹೊಂದದಿದ್ದರೆ ಹೋಗುವುದಿಲ್ಲ. ನಿಜ. ಆದರೆ ಆ ಮಾದರಿಯನ್ನು ಬರೆದು ನೋಂದಾಯಿಸಿದವರು ಯಾರು? ನಮ್ಮಂಥ ಒಬ್ಬ ಮನುಷ್ಯ, ಒಂದು ಮಧ್ಯಾಹ್ನ, ಅವಸರದಲ್ಲಿ. ಒಮ್ಮೆ ಬರೆದ ಒರಟು ವಾಕ್ಯ ವರ್ಷಗಟ್ಟಲೆ ಸಾವಿರಾರು ಮನೆಗೆ ಹೋಗುತ್ತದೆ. ನಿಯಮ ಹೇಳುವುದು ಮಾದರಿ ಇರಬೇಕೆಂದು. ಅದರಲ್ಲಿ ಹರ್ಷಿಸಬೇಕೆಂದು ಎಲ್ಲೂ ಹೇಳಿಲ್ಲ. ಹೊಸ ಮಾದರಿ ನೋಂದಾಯಿಸಲು ಅಡ್ಡಿಯೂ ಇಲ್ಲ. ನಾವು ಮಾಡಿದ್ದೂ ಅದನ್ನೇ.

ಜಾಗ ಕಡಿಮೆಯಾದಾಗ ಗೌರವವನ್ನು ಮಡಚಿಡುವ ವಿದ್ಯೆ ಕನ್ನಡಕ್ಕೆ ಹೊಸದೂ ಅಲ್ಲ. ಪೋಸ್ಟ್ ಕಾರ್ಡಿನ ಮೂಲೆಯಲ್ಲಿ ನಮ್ಮ ಹಿರಿಯರು ‘ಚಿ||’ ಎಂದರೆ ಚಿರಂಜೀವಿ, ‘ಸೌ||’ ಎಂದರೆ ಸೌಭಾಗ್ಯವತಿ, ‘ಮ|| ರಾ|| ರಾ||’ ಎಂದರೆ ಮಹಾರಾಜ ರಾಜಶ್ರೀ ಎಂದು ಎರಡು ಗೀಟಿನಲ್ಲಿ ಮುಗಿಸುತ್ತಿದ್ದರು. ಯಾರಿಗೂ ಅವಮಾನವಾಗಲಿಲ್ಲ. ಅವರು ಮಡಚಿದ್ದು ಬಿರುದನ್ನು, ವಿಷಯವನ್ನಲ್ಲ. ನಾವು ಬಿರುದನ್ನು ಬಿಚ್ಚಿ ಹರಡಿ, ವಿಷಯವನ್ನು ಕತ್ತರಿಗೆ ಕೊಡುತ್ತಿದ್ದೇವೆ.

ಹೊಸ ಮಾದರಿ ಒಪ್ಪಿಗೆಯಾಗಿ ಬಂದ ದಿನ ಗುಮಾಸ್ತ ಮೊದಲು ಅದನ್ನು ಗಟ್ಟಿಯಾಗಿ ಓದಿದ. ಓದುವಾಗ ತನ್ನಷ್ಟಕ್ಕೆ ದನಿ ತಗ್ಗಿಸಿದ್ದ, ಎದುರಿಗೆ ಅಜ್ಜ ಕೂತಿರುವ ಹಾಗೆ. ಕಳಿಸುವ ಮುನ್ನ ಮಾಡಬೇಕಾದ ಪರೀಕ್ಷೆ ಅದೇ. ಎಪ್ಪತ್ತರ ಲೆಕ್ಕವನ್ನು ಯಂತ್ರ ನೋಡಿಕೊಳ್ಳುತ್ತದೆ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ನಾವೇ ಓದಿ ನೋಡಬೇಕು.